60 ಕೋಟಿಗೆ ಮಾರಿದ ಕಂಪನಿ, ಒಡತಿಗೆ 7 ಕೋಟಿ

ಸಾಲ ಸಿಕ್ಕಿತೆಂದು ಊರಿಗೆಲ್ಲ ಪೇಢೆ ಹಂಚುವವರು ನಮ್ಮಲ್ಲಿ ಕಡಿಮೆ. ಆದರೆ ಹೊಸ ಕಂಪನಿಗಳ ಲೋಕದಲ್ಲಿ ಹೊರಗಿನವರಿಂದ ದುಡ್ಡು ತಂದದ್ದೇ ದೊಡ್ಡ ಸುದ್ದಿ. 'ಇಂಥ ಸ್ಟಾರ್ಟಪ್‌ಗೆ 40 ಕೋಟಿ ಹೂಡಿಕೆ' ಎಂಬ ತಲೆಬರಹದ ಕೆಳಗೆ ನಗುಮುಖದ ಇಬ್ಬರು ಯುವಕರ ಫೋಟೊ ಇರುತ್ತದೆ. ಅದನ್ನು ಓದಿದವರು ಆ ಹುಡುಗರು 40 ಕೋಟಿ ಗಳಿಸಿದರು ಎಂದುಕೊಳ್ಳುತ್ತಾರೆ. ಅವರು ಗಳಿಸಿದ್ದೇನೂ ಇಲ್ಲ, ಕಂಪನಿಯ ಒಂದು ಪಾಲನ್ನು ಕೆಲವು ಷರತ್ತುಗಳ ಮೇಲೆ ಮಾರಿದ್ದಾರೆ. ಪಾಲು ಎಷ್ಟು ಎಂಬುದು ಪತ್ರಿಕೆಯಲ್ಲಿ ಬಂದರೂ ಬಂದೀತು. ಷರತ್ತುಗಳು ಮಾತ್ರ ಬರುವುದಿಲ್ಲ, ಮುಂದೆ ಯಾರ ಕೈಗೆ ಎಷ್ಟು ಸೇರುತ್ತದೆ ಎಂಬುದನ್ನು ತೀರ್ಮಾನಿಸುವುದು ಅವೇ ಆದರೂ.

ಹೊಸ ವ್ಯವಹಾರಕ್ಕೆ ದುಡ್ಡು ಹೊಂದಿಸಲು ಸ್ಥೂಲವಾಗಿ ಎರಡು ದಾರಿ. ಕೈಯಲ್ಲಿದ್ದಷ್ಟು ಹಾಕಿ, ಗಿರಾಕಿ ಕೊಟ್ಟ ಹಣದಲ್ಲೇ ಬೆಳೆಯುವುದು ಒಂದು. ಇದಕ್ಕೆ ಬೂಟ್‌ಸ್ಟ್ರ್ಯಾಪಿಂಗ್ ಎನ್ನುತ್ತಾರೆ. ನಮ್ಮ ಅಂಗಡಿಕಾರರು, ಹೋಟೆಲಿನವರು ಹೆಸರು ಗೊತ್ತಿಲ್ಲದೆಯೇ ಇದನ್ನು ಮಾಡಿಕೊಂಡು ಬಂದಿದ್ದಾರೆ. ಇನ್ನೊಂದು ವೆಂಚರ್ ಕ್ಯಾಪಿಟಲ್: ಹಲವರ ಹಣ ಒಟ್ಟು ಮಾಡಿದ ನಿಧಿಯೊಂದು ನಿಮ್ಮ ಕಂಪನಿಯ ಷೇರು ಕೊಂಡು ದುಡ್ಡು ಹಾಕುತ್ತದೆ. ಇದಕ್ಕೆ ಬಡ್ಡಿಯಿಲ್ಲ, ಕಂತಿಲ್ಲ, ಮನೆಪತ್ರ ಅಡವಿಡಬೇಕಿಲ್ಲ. ಕಂಪನಿ ಮುಳುಗಿದರೆ ಸಾಮಾನ್ಯವಾಗಿ ನೀವು ಏನನ್ನೂ ಹಿಂದಿರುಗಿಸಬೇಕಿಲ್ಲ. ಹಾಗಾದರೆ ಇದರ ಬೆಲೆ ಏನು? ಒಂದು ಕಲ್ಪಿತ ಉದಾಹರಣೆಯ ಲೆಕ್ಕ ಹಾಕಿ ನೋಡಿದರೆ ಬೇಗ ತಿಳಿಯುತ್ತದೆ.

ಹಾವೇರಿ ಕಡೆಯ ಯುವತಿಯೊಬ್ಬಳು ಬ್ಯಾಡಗಿ ಮೆಣಸಿನಕಾಯಿಯ ಖಾರದ ಪುಡಿ, ಸಾರಿನ ಪುಡಿ ಮಾಡಿ ಮಾರುತ್ತಿದ್ದಾಳೆ ಎಂದುಕೊಳ್ಳೋಣ. ಅವಳು ಸ್ವಂತ ದುಡ್ಡಿನಲ್ಲೇ ಶುರುಮಾಡಿದ್ದಾಳೆ. ತಿಂಗಳಿಗೆ 10 ಲಕ್ಷದ ಮಾರಾಟ, ಎಲ್ಲ ಖರ್ಚು ಸೇರಿ 9 ಲಕ್ಷ, ಒಂದು ಲಕ್ಷ ಉಳಿತಾಯ. ಕಾಗದದ ಮೇಲೆ ಒಳ್ಳೆಯ ವ್ಯವಹಾರವೇ. ಆದರೆ ಅವಳ ಪುಡಿ ಹೋಗುವುದು ದೊಡ್ಡ ಸೂಪರ್‌ಮಾರ್ಕೆಟ್‌ಗಳಿಗೆ, ಅಲ್ಲಿಂದ ಹಣ ಬರುವುದು 60 ದಿನಗಳ ನಂತರ. ಮೆಣಸಿನಕಾಯಿಗಾಗಲಿ ಕೂಲಿಗಾಗಲಿ ಅಷ್ಟು ದಿನ ಉದ್ದರಿ ಸಿಗುವುದಿಲ್ಲ. ಅಂದರೆ ಎರಡು ತಿಂಗಳ ಖರ್ಚು, 18 ಲಕ್ಷ, ಯಾವಾಗಲೂ ಹೊರಗೆ ಸಿಕ್ಕಿಹಾಕಿಕೊಂಡಿರುತ್ತದೆ.

ಈಗ ಸೂಪರ್‌ಮಾರ್ಕೆಟಿನವರು 'ಇದರ ಎರಡರಷ್ಟು ಮಾಲು ಕೊಡಿ' ಎಂದರು. ಖುಷಿಯ ಸುದ್ದಿ. ಆದರೆ ಮಾರಾಟ ಇಮ್ಮಡಿಯಾಗಬೇಕಾದರೆ ಹೊರಗೆ ಕೂರುವ ದುಡ್ಡೂ ಇಮ್ಮಡಿಯಾಗಬೇಕು, ಇನ್ನೂ 18 ಲಕ್ಷ ಬೇಕು. ತಿಂಗಳಿಗೆ ಒಂದು ಲಕ್ಷ ಉಳಿಯುವವಳಿಗೆ ಅದು ಒಂದೂವರೆ ವರ್ಷದ ಲಾಭ. ಅದಕ್ಕೂ ಬೇಗ ಬೆಳೆದರೆ ಪುಸ್ತಕದಲ್ಲಿ ಲಾಭವಿರುತ್ತದೆ, ಬ್ಯಾಂಕಿನಲ್ಲಿ ಸಂಬಳಕ್ಕೆ ಹಣವಿರುವುದಿಲ್ಲ. ಗಿರಾಕಿಯಿಂದ ದುಡ್ಡು ಬರುವ ಮೊದಲೇ ಆ ಬಿಲ್ಲಿನ ಮೇಲಿನ ಜಿಎಸ್‌ಟಿ ಕಟ್ಟುವ ದಿನವೂ ಬಂದಿರುತ್ತದೆ. ಮೆಣಸಿನಕಾಯಿಯದು ಬೇರೆಯೇ ತಾಪತ್ರಯ. ಆವಕ ಜೋರಾಗಿರುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗಲೇ ವರ್ಷಕ್ಕಾಗುವಷ್ಟು ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ದುಡ್ಡೂ ಅಲ್ಲೇ ತಣ್ಣಗೆ ಕೂರುತ್ತದೆ, ಇಡದಿದ್ದರೆ ಮಳೆಗಾಲದಲ್ಲಿ ವರ್ತಕ ಹೇಳಿದ್ದೇ ಬೆಲೆ.

ಸ್ವಂತ ದುಡ್ಡಿನ ವ್ಯವಹಾರಗಳು ಹೆಚ್ಚಾಗಿ ನಿಲ್ಲುವುದು ಇಲ್ಲಿ. ನಷ್ಟದಿಂದ ಮುಚ್ಚುವುದಕ್ಕಿಂತ ಆರ್ಡರ್ ಜಾಸ್ತಿಯಾಗಿ ಕೈ ಬರಿದಾಗಿ ಮುಚ್ಚುವುದು ಹೆಚ್ಚು ನೋವಿನದು. ಇದರ ಮುನ್ಸೂಚನೆ ಕಾಣುವುದು ಲಾಭನಷ್ಟದ ಪಟ್ಟಿಯಲ್ಲಲ್ಲ, ಬರಬೇಕಾದ ಬಾಕಿಯ ಪಟ್ಟಿಯಲ್ಲಿ. ಮಾರಾಟಕ್ಕಿಂತ ಬಾಕಿ ವೇಗವಾಗಿ ಏರುತ್ತಿದ್ದರೆ, ಒಡತಿ ತನ್ನ ಸಂಬಳ ತೆಗೆದುಕೊಳ್ಳುವುದನ್ನು ಬಿಟ್ಟಿದ್ದರೆ, ಚಿನ್ನ ಬ್ಯಾಂಕಿಗೆ ಹೋಗಿದ್ದರೆ, ಕಂಪನಿ ಬೆಳೆಯುತ್ತಿಲ್ಲ, ಉಬ್ಬುತ್ತಿದೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಉದ್ಯಮ್ ನೋಂದಣಿ ಮಾಡಿಸಿದ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ. ತಡಮಾಡಿ, ಆರ್ಥಿಕ ವರ್ಷ ಮುಗಿದರೂ ಹಣ ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂಬ ನಿಯಮವೂ ಆಮೇಲೆ ಬಂತು. ಆದರೆ ದೊಡ್ಡ ಗಿರಾಕಿಗೆ ಕಾಯ್ದೆ ತೋರಿಸಿದ ಸಣ್ಣ ಸರಬರಾಜುದಾರಳಿಗೆ ಮುಂದಿನ ಆರ್ಡರ್ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹಾಗಾಗಿ ವ್ಯವಹಾರ ಬಲ್ಲವರು ಮೊದಲು ಮಾಡುವುದು ಗಿರಾಕಿಗಳನ್ನೇ ಬದಲಿಸಿಕೊಳ್ಳುವ ಕೆಲಸ. ಸೂಪರ್‌ಮಾರ್ಕೆಟಿಗೆ ಅರ್ಧ, ಮುಂಗಡ ಕೊಡುವ ಕೇಟರಿಂಗಿನವರಿಗೆ ಮತ್ತು ನೇರವಾಗಿ ಮನೆಗಳಿಗೆ ಅರ್ಧ. ಉಳಿದ ಕೊರತೆಗೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್. ನಮ್ಮ ಖಾರದ ಪುಡಿಯ ಒಡತಿಗೆ ಬೇಕಿರುವ 18 ಲಕ್ಷ ನಿಜಕ್ಕೂ ಬ್ಯಾಂಕಿನ ಕೆಲಸವೇ ಹೊರತು ವೆಂಚರ್ ಕ್ಯಾಪಿಟಲ್‌ನದಲ್ಲ.

ಆದರೆ ಅವಳು ಇನ್ನೊಂದು ದಾರಿ ಹಿಡಿದಳು ಎಂದಿಟ್ಟುಕೊಳ್ಳಿ. ದೇಶದ ತುಂಬ ಆನ್‌ಲೈನಿನಲ್ಲಿ ಮಸಾಲೆ ಮಾರುವ ಯೋಜನೆ ಹಿಡಿದು ಬೆಂಗಳೂರಿಗೆ ಹೋದಳು. ಒಂದು ನಿಧಿಯವರು ಒಪ್ಪಿ ಟರ್ಮ್ ಶೀಟ್ ಎಂಬ ಕೆಲವೇ ಪುಟಗಳ ಕಾಗದ ಕೊಟ್ಟರು. ಅದರಲ್ಲಿ ಹೀಗಿದೆ: ನಿಮ್ಮ ಕಂಪನಿಯ ಇಂದಿನ ಬೆಲೆ 8 ಕೋಟಿ, ನಾವು ಹಾಕುವುದು 2 ಕೋಟಿ, ಒಟ್ಟು 10 ಕೋಟಿಯ ಕಂಪನಿಯಲ್ಲಿ ನಮ್ಮದು ಶೇಕಡಾ 20. ಜೊತೆಗೆ ನೌಕರರಿಗೆ ಕೊಡಲೆಂದು ಶೇಕಡಾ 10 ಷೇರು ತೆಗೆದಿಡಬೇಕು. ಅವಳ ಲೆಕ್ಕದಲ್ಲಿ ತನ್ನ ಪಾಲು 8 ಕೋಟಿ. ಆದರೆ ನೌಕರರ ಆ 10 ಪಾಲು ಬರುವುದು ಹೂಡಿಕೆದಾರರ ಭಾಗದಿಂದಲ್ಲ, ಅವಳ ಭಾಗದಿಂದ. ಕೊನೆಗೆ ಕೈಯಲ್ಲಿ ಉಳಿಯುವುದು ಶೇಕಡಾ 70. ಆಡಿದ ಬೆಲೆ 8 ಕೋಟಿ, ಸಿಕ್ಕಿದ ಬೆಲೆ 7 ಕೋಟಿ.

ಇದಿನ್ನೂ ಸಣ್ಣ ವಿಷಯ. ಬಂದ ಹಣ ತಿಂಗಳಿಗೆ 10 ಲಕ್ಷದಂತೆ ಕರಗುತ್ತಿದ್ದರೆ 20 ತಿಂಗಳಲ್ಲಿ ಖಾಲಿ. ಮುಂದಿನ ಹೂಡಿಕೆ ಹುಡುಕಿ, ಕಾಗದಪತ್ರ ಮುಗಿಸಿ, ಹಣ ಖಾತೆಗೆ ಬೀಳಲು ಆರು ತಿಂಗಳಾದರೂ ಬೇಕು. ಆದ್ದರಿಂದ 14ನೇ ತಿಂಗಳಿಗೇ ಮತ್ತೆ ಹೊರಡಬೇಕು. ಖಾತೆಯಲ್ಲಿ ಎರಡೇ ತಿಂಗಳ ಹಣ ಉಳಿದಾಗ ಹೊರಟವಳಿಗೆ ಯಾರೂ ಒಳ್ಳೆಯ ಬೆಲೆ ಕೊಡುವುದಿಲ್ಲ. ಅದೃಷ್ಟಕ್ಕೆ ನಮ್ಮವಳಿಗೆ ಎರಡನೇ ಸುತ್ತಿನಲ್ಲಿ 10 ಕೋಟಿ, ಮೂರನೇ ಸುತ್ತಿನಲ್ಲಿ 40 ಕೋಟಿ ಸಿಕ್ಕಿತು. ಪ್ರತಿ ಸಲವೂ ಹೊಸ ಹೂಡಿಕೆದಾರರಿಗೆ ಶೇಕಡಾ 20. ಮೂರನೇ ಸುತ್ತು ಮುಗಿದಾಗ ಕಂಪನಿಯ 'ಬೆಲೆ' 200 ಕೋಟಿ, ಅವಳ ಪಾಲು 70ರಿಂದ 56ಕ್ಕೆ, 56ರಿಂದ 44.8ಕ್ಕೆ ಇಳಿದಿದೆ. ಪತ್ರಿಕೆಗಳ ಲೆಕ್ಕದಲ್ಲಿ ಅವಳು ಸುಮಾರು 90 ಕೋಟಿಯ ಒಡತಿ. ಹೂಡಿಕೆದಾರರು ಒಟ್ಟು ಹಾಕಿದ್ದು 52 ಕೋಟಿ.

ಎರಡು ವರ್ಷ ಕಳೆಯಿತು. ಮಾರಾಟ ಎಣಿಸಿದಷ್ಟು ಏರಲಿಲ್ಲ, ನಾಲ್ಕನೇ ಸುತ್ತಿಗೆ ಯಾರೂ ಬರಲಿಲ್ಲ. ಕಡೆಗೆ ದೊಡ್ಡ ಮಸಾಲೆ ಕಂಪನಿಯೊಂದು 60 ಕೋಟಿಗೆ ಕೊಂಡಿತು. ಶೇಕಡಾ 44.8ರ ಲೆಕ್ಕದಲ್ಲಿ ಅವಳಿಗೆ ಸುಮಾರು 27 ಕೋಟಿ ಬರಬೇಕು ಎಂದು ನೆಂಟರು ಎಣಿಸುತ್ತಾರೆ. ಬರುವುದು 7 ಕೋಟಿ.

ಕಾರಣ ಇಷ್ಟೆ. ಹೂಡಿಕೆದಾರರು ಕೊಂಡದ್ದು ಅವಳ ಹತ್ತಿರವಿರುವಂಥ ಸಾಮಾನ್ಯ ಷೇರುಗಳನ್ನಲ್ಲ, ಆದ್ಯತೆಯ ಷೇರುಗಳನ್ನು. ಕಂಪನಿ ಮಾರಾಟವಾದಾಗ ಅವರು ಹಾಕಿದ ಅಸಲು ಮೊದಲು ಅವರಿಗೆ ಸೇರಬೇಕು, ಇಲ್ಲವೇ ಪಾಲಿನ ಪ್ರಕಾರ ಬರುವುದು ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಆರಿಸಿಕೊಳ್ಳಬಹುದು. ಈ ಷರತ್ತಿಗೆ ಲಿಕ್ವಿಡೇಶನ್ ಪ್ರಿಫರೆನ್ಸ್ ಎಂದು ಹೆಸರು. 60 ಕೋಟಿಯಲ್ಲಿ ಮೊದಲು 52 ಕೋಟಿ ಅವರಿಗೆ ಹೋಯಿತು. ಉಳಿದ 8 ಕೋಟಿಯಲ್ಲಿ ಒಂದು ಕೋಟಿ ನೌಕರರ ಷೇರಿಗೆ, 7 ಕೋಟಿ ಅವಳಿಗೆ. ಮಾರಾಟದ ಬೆಲೆ 45 ಕೋಟಿಯಾಗಿದ್ದರೆ ಅವಳಿಗೂ ನೌಕರರಿಗೂ ಸೊನ್ನೆ.

ಇದು ಸೌಮ್ಯವಾದ ಷರತ್ತು, ಎಲ್ಲ ಕಡೆ ಚಾಲ್ತಿಯಲ್ಲಿರುವಂಥದ್ದು. ಇದರ ಕಠಿಣ ರೂಪವೊಂದಿದೆ. ಅದರಲ್ಲಿ ಹೂಡಿಕೆದಾರರು ಅಸಲನ್ನು ಮೊದಲು ತೆಗೆದುಕೊಂಡು, ಉಳಿದದ್ದರಲ್ಲೂ ಪಾಲು ಕೇಳುತ್ತಾರೆ. ಆಗ ಉಳಿದ 8 ಕೋಟಿಯ ಶೇಕಡಾ 44.8, ಅಂದರೆ ಸುಮಾರು ಮೂರೂವರೆ ಕೋಟಿ ಮಾತ್ರ ಅವಳ ಪಾಲಿಗೆ. ಟರ್ಮ್ ಶೀಟಿನಲ್ಲಿ ಈ ವ್ಯತ್ಯಾಸ 'ಪಾರ್ಟಿಸಿಪೇಟಿಂಗ್' ಎಂಬ ಒಂದೇ ಶಬ್ದದಲ್ಲಿ ಅಡಗಿರುತ್ತದೆ. ಕಂಪನಿಯ ಬೆಲೆ 8 ಕೋಟಿಯೋ 9 ಕೋಟಿಯೋ ಎಂದು ವಾರಗಟ್ಟಲೆ ಎಳೆದಾಡುವವರು ಈ ಶಬ್ದದ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ.

ಹೂಡಿಕೆದಾರರನ್ನು ಬಡ್ಡಿ ಸಾಹುಕಾರರಂತೆ ಚಿತ್ರಿಸುವುದು ಇಲ್ಲಿ ಸುಲಭ, ಆದರೆ ನ್ಯಾಯವಲ್ಲ. ಈ ಷರತ್ತು ಇಲ್ಲದಿದ್ದರೆ 2 ಕೋಟಿ ಪಡೆದ ಮರುದಿನವೇ ಯಾರಾದರೂ ಕಂಪನಿಯನ್ನು ಮುಚ್ಚಿ, ಇದ್ದ ನಗದಿನ ಮುಕ್ಕಾಲು ಪಾಲನ್ನು ಜೇಬಿಗಿಳಿಸಬಹುದು. ಅವರು ಹಾಕಿದ ಕಂಪನಿಗಳಲ್ಲಿ ಬಹುಪಾಲು ಅಸಲನ್ನೂ ಹಿಂತಿರುಗಿಸುವುದಿಲ್ಲ. ಆ ನಷ್ಟ ಅವರದೇ, ಒಡತಿಯ ಮನೆ ಹರಾಜಿಗೆ ಬರುವುದಿಲ್ಲ. ಜೊತೆಗೆ ಅವರ ಹಿಂದೆಯೂ ಒಂದು ಗಡಿಯಾರ ಓಡುತ್ತಿರುತ್ತದೆ. ನಿಧಿಯ ಹಣ ಹೆಚ್ಚಾಗಿ ಪಿಂಚಣಿ ನಿಧಿಗಳದ್ದು, ವಿಮಾ ಸಂಸ್ಥೆಗಳದ್ದು, ಶ್ರೀಮಂತ ಕುಟುಂಬಗಳದ್ದು. ಸಾಮಾನ್ಯವಾಗಿ 10 ವರ್ಷದೊಳಗೆ ಅದನ್ನು ಲಾಭದೊಂದಿಗೆ ಮರಳಿಸಬೇಕು.

ಈ ಗಡಿಯಾರದ ಲೆಕ್ಕ ಗೊತ್ತಾದರೆ ಅವರು ಯಾರಿಗೆ ಯಾಕೆ 'ಬೇಡ' ಎನ್ನುತ್ತಾರೆ ಎಂಬುದೂ ಗೊತ್ತಾಗುತ್ತದೆ. 500 ಕೋಟಿಯ ನಿಧಿ ಎಂದುಕೊಳ್ಳಿ, ಅದನ್ನು ಮೂರು ಪಟ್ಟು, 1,500 ಕೋಟಿ ಮಾಡಬೇಕೆಂಬುದು ಗುರಿ. ಒಂದು ಕಂಪನಿಯಲ್ಲಿ ಕೊನೆಗೆ ಉಳಿಯುವ ಪಾಲು ಶೇಕಡಾ 15. ಆ ಕಂಪನಿ 100 ಕೋಟಿಗೆ ಮಾರಾಟವಾದರೆ ನಿಧಿಗೆ ಬರುವುದು 15 ಕೋಟಿ. 1,500 ಕೋಟಿ ಬೇಕಾದವರಿಗೆ ಅದು ಚಿಲ್ಲರೆ. ಅವರಿಗೆ ಬೇಕಾದದ್ದು ಸಾವಿರಾರು ಕೋಟಿಗೆ ಏರುವ ಒಂದೋ ಎರಡೋ ಕಂಪನಿ, ಮಿಕ್ಕವು ಮುಳುಗಿದರೂ ಸರಿ. ಈ ಪಾಠ ವೃತ್ತಿಯಷ್ಟೇ ಹಳೆಯದು. ಬಾಸ್ಟನ್ನಿನಲ್ಲಿ 1946ರಲ್ಲಿ ಶುರುವಾದ ಎಆರ್‌ಡಿ ಎಂಬ ಸಂಸ್ಥೆ 1957ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಗೆ 70,000 ಡಾಲರ್ ಹಾಕಿತು. ಮುಂದೆ ಅದೊಂದೇ ಹೂಡಿಕೆ ಕೋಟ್ಯಂತರ ಡಾಲರಾಗಿ, ಮಿಕ್ಕೆಲ್ಲ ಹೂಡಿಕೆಗಳ ಗಳಿಕೆಯನ್ನು ಮಂಕುಮಾಡಿತು. ವರ್ಷಕ್ಕೆ 3 ಕೋಟಿ ನಿವ್ವಳ ಲಾಭ ತರುವ ಮಸಾಲೆ ಕಂಪನಿ ಹಾವೇರಿಯಲ್ಲಿ ಭಾರಿ ಯಶಸ್ಸು, ನಿಧಿಯ ಪುಸ್ತಕದಲ್ಲಿ ಸೋಲು. ಹಾಗಾಗಿ ಹಣ ಹಾಕಿದವರು ನಿಧಾನವಾಗಿ ಲಾಭ ಮಾಡಿಕೊಂಡು ಹೋಗಲು ಬಿಡುವುದಿಲ್ಲ. ಅವರು ದುಷ್ಟರೆಂದಲ್ಲ, ಅವರ ಲೆಕ್ಕ ಹಾಗಿದೆ.

ಹಾಗಾದರೆ ಈ ಹಣ ಯಾರಿಗೆ ಸರಿ? ಬೆಂಗಳೂರಿನಲ್ಲೇ ಮೂರು ವರ್ಷದ ಅಂತರದಲ್ಲಿ ಹುಟ್ಟಿದ ಎರಡು ಕಂಪನಿಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುತ್ತದೆ. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಸುಮಾರು 4 ಲಕ್ಷ ರೂಪಾಯಿ ಸ್ವಂತ ಹಣದಲ್ಲಿ ಪುಸ್ತಕ ಮಾರುವ ಫ್ಲಿಪ್‌ಕಾರ್ಟ್ ಶುರುಮಾಡಿದರು. 2009ರಲ್ಲಿ ಆಕ್ಸೆಲ್ ಸಂಸ್ಥೆ 10 ಲಕ್ಷ ಡಾಲರ್ ಹಾಕಿತು, ಆಮೇಲೆ ಸುತ್ತಿನ ಮೇಲೆ ಸುತ್ತು. ಮಾಲು ತಲುಪಿದ ಮೇಲೆ ದುಡ್ಡು ಕೊಡಿ ಎಂಬ ಪದ್ಧತಿಯನ್ನು ಅವರು 2010ರಲ್ಲಿ ತಂದರು. ಗಿರಾಕಿಗೆ ಅದು ಅನುಕೂಲ, ಕಂಪನಿಗೆ ಭಾರ. ಮಾಲು, ಗೋದಾಮು, ಸಾಗಣೆ ಎಲ್ಲಕ್ಕೂ ಮೊದಲೇ ಖರ್ಚು, ವಸೂಲಿ ಕೊನೆಗೆ, ಅದರ ಮೇಲೆ ರಿಯಾಯಿತಿಯ ಪೈಪೋಟಿ. ದೇಶದ ತುಂಬ ಗೋದಾಮು ಮೊದಲು ಕಟ್ಟಿದವನಿಗೇ ಮಾರುಕಟ್ಟೆ ಸಿಗುವ ಆಟವದು. ಸ್ವಂತ ಲಾಭದಲ್ಲಿ ಬೆಳೆಯುತ್ತೇವೆ ಎಂದು ಕೂತಿದ್ದರೆ ಅಮೆಜಾನ್ ಬರುವ ಹೊತ್ತಿಗೆ ಅವರು ಒಂದು ಒಳ್ಳೆಯ ಪುಸ್ತಕದಂಗಡಿಯಾಗಿ ಉಳಿಯುತ್ತಿದ್ದರು. 2018ರಲ್ಲಿ ವಾಲ್‌ಮಾರ್ಟ್ ಸುಮಾರು ಶೇಕಡಾ 77 ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಾಗ ಸಚಿನ್ ಬನ್ಸಲ್ ತಮ್ಮ ಪಾಲನ್ನೆಲ್ಲ ಮಾರಿ ಹೊರಬಂದರು. ಆಗ ಅವರ ಬಳಿ ಉಳಿದಿದ್ದು ಶೇಕಡಾ 5ರಿಂದ 6ರ ನಡುವಿನ ಪಾಲು. ಅದರ ಬೆಲೆ ಸುಮಾರು 100 ಕೋಟಿ ಡಾಲರ್.

2010ರಲ್ಲಿ ನಿತಿನ್ ಕಾಮತ್ ಮತ್ತು ಅವರ ತಮ್ಮ ನಿಖಿಲ್ ಕಾಮತ್ ಶುರುಮಾಡಿದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಹೊರಗಿನ ವೆಂಚರ್ ಕ್ಯಾಪಿಟಲ್ ತೆಗೆದುಕೊಳ್ಳಲೇ ಇಲ್ಲ. ವಹಿವಾಟು ಎಷ್ಟೇ ದೊಡ್ಡದಿರಲಿ, ಒಂದು ಆರ್ಡರಿಗೆ 20 ರೂಪಾಯಿ ಎಂಬ ಸರಳ ದರ ಇಟ್ಟರು. 2023–24ರಲ್ಲಿ ಅದರ ಲಾಭ ಸುಮಾರು 4,700 ಕೋಟಿ ರೂಪಾಯಿ. ಇದನ್ನು ಸಂಯಮದ ಕಥೆಯಾಗಿ ಹೇಳುವವರು ಬಹಳ. ಸಂಯಮ ಇದ್ದಿರಬಹುದು, ಆದರೆ ಅದಕ್ಕಿಂತ ದೊಡ್ಡ ಕಾರಣ ಹಣ ಹರಿಯುವ ರೀತಿ. ಷೇರು ದಲ್ಲಾಳಿಗೆ ಗಿರಾಕಿಯ ಹಣ ಖಾತೆಗೆ ಬಂದ ಮೇಲೆಯೇ ವಹಿವಾಟು, ಶುಲ್ಕ ಆಗಲೇ ಕಡಿತ. ಗೋದಾಮಿಲ್ಲ, ಉದ್ದರಿಯಿಲ್ಲ. ತಂತ್ರಾಂಶ ಒಮ್ಮೆ ನಿಂತ ಮೇಲೆ ಇನ್ನೊಬ್ಬ ಗಿರಾಕಿ ಸೇರಿದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಖಾರದ ಪುಡಿಯವಳ 60 ದಿನಗಳ ಸಂಕಟ ಅಲ್ಲಿ ಇಲ್ಲವೇ ಇಲ್ಲ.

ಎರಡರ ನಡುವೆಯೂ ದಾರಿಯಿದೆ, ನನ್ನ ಅಭಿಪ್ರಾಯದಲ್ಲಿ ಸಣ್ಣ ಊರಿನ ಉದ್ಯಮಗಳಿಗೆ ಅದೇ ಹೆಚ್ಚು ಹೊಂದುತ್ತದೆ. ಬೆಂಗಳೂರಿನ ಐಡಿ ಫ್ರೆಶ್ ಅನ್ನು ಪಿ.ಸಿ. ಮುಸ್ತಫಾ ಮತ್ತು ಅವರ ಸೋದರಸಂಬಂಧಿಗಳು 2005ರಲ್ಲಿ ದೋಸೆ ಹಿಟ್ಟು ಮಾರುತ್ತ ಶುರುಮಾಡಿದರು. ಹೊರಗಿನ ದೊಡ್ಡ ಹೂಡಿಕೆ, ಹೆಲಿಯನ್ ಸಂಸ್ಥೆಯ 35 ಕೋಟಿ, ಬಂದದ್ದು 2014ರಲ್ಲಿ. ದೋಸೆ ಹಿಟ್ಟು ಕೆಲವೇ ದಿನ ಇರುವ ಮಾಲು. ಅಕ್ಕಿ ಉದ್ದು ಕೊಂಡು, ರುಬ್ಬಿ, ಅಂಗಡಿಗೆ ಹಾಕಿದ ಹಿಟ್ಟು ಖರ್ಚಾಗಲೇಬೇಕು, ಆದ್ದರಿಂದ ಹಾಕಿದ ಕಾಸು ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂರುವುದಿಲ್ಲ. ಅಂಥ ಮಾಲಿನಿಂದ ಒಂಬತ್ತು ವರ್ಷ ಬೇರೂರಿ, ಬೇರೆ ಊರುಗಳಿಗೆ ಹರಡುವ ಹೊತ್ತಿಗೆ ಹೂಡಿಕೆ ತಂದರು. ಲಾಭ ಎಲ್ಲಿಂದ ಬರುತ್ತದೆಂದು ಲೆಕ್ಕ ತೋರಿಸಬಲ್ಲವರು ಹೂಡಿಕೆದಾರರ ಮುಂದೆ ಕೂರುವುದಕ್ಕೂ, ಬರೀ ಯೋಜನೆಯ ಸ್ಲೈಡುಗಳನ್ನು ಹಿಡಿದು ಕೂರುವುದಕ್ಕೂ ಬಹಳ ಅಂತರವಿದೆ. ಮೊದಲನೆಯವರು 'ಬೇಡ' ಎಂದು ಎದ್ದು ಬರಬಲ್ಲರು.

ಹಾಗಾಗಿ ಹೊಸದಾಗಿ ಶುರುಮಾಡುವವರು 'ಹೂಡಿಕೆ ಎಲ್ಲಿ ಸಿಗುತ್ತದೆ' ಎಂದು ಕೇಳುವ ಮೊದಲು ಎರಡು ಲೆಕ್ಕ ಮಾಡಬೇಕು. ಒಂದು ರೂಪಾಯಿ ಖರ್ಚಾದ ದಿನದಿಂದ ಗಿರಾಕಿಯ ಕೈಯಿಂದ ಅದು ಮರಳುವವರೆಗೆ ಎಷ್ಟು ದಿನ? ನಾನು ಐದು ವರ್ಷ ನಿಧಾನಿಸಿದರೆ ಮಾರುಕಟ್ಟೆ ಬೇರೆಯವರ ಪಾಲಾಗಿ, ಮತ್ತೆ ಒಳಗೆ ಬರಲಾಗದ ಸ್ಥಿತಿ ಬರುತ್ತದೆಯೇ? ದಿನಗಳು ಕಡಿಮೆಯಿದ್ದರೆ ಸ್ವಂತ ದುಡ್ಡೇ ಸಾಕು. ದಿನಗಳು ಹೆಚ್ಚಿದ್ದೂ ಅವಸರವಿಲ್ಲದಿದ್ದರೆ ಬ್ಯಾಂಕು ಸಾಕು. ದಿನಗಳೂ ಹೆಚ್ಚು, ಅವಸರವೂ ನಿಜ, ಮಾರುಕಟ್ಟೆಯೂ ಸಾವಿರಾರು ಕೋಟಿಯದು ಎಂದಾಗ ಮಾತ್ರ ವೆಂಚರ್ ಕ್ಯಾಪಿಟಲ್‌ಗೆ ಅರ್ಥವಿದೆ. ಹಳ್ಳಿ-ಪಟ್ಟಣಗಳ ಹತ್ತು ಉದ್ಯಮಗಳಲ್ಲಿ ಒಂಬತ್ತು ಈ ಮೂರನೆಯ ಗುಂಪಿಗೆ ಸೇರುವುದಿಲ್ಲ ಎಂಬುದು ನನ್ನ ಅಂದಾಜು, ಅದರಲ್ಲಿ ಅವಮಾನವೇನೂ ಇಲ್ಲ.

ಸೇರುವವರು ಟರ್ಮ್ ಶೀಟಿಗೆ ಸಹಿ ಹಾಕುವ ಹಿಂದಿನ ದಿನ ತಮ್ಮ ಲೆಕ್ಕಪರಿಶೋಧಕರ ಜೊತೆ ಕೂತು ಒಂದು ಹಾಳೆ ಬರೆಯಲಿ. ಕಂಪನಿ 30 ಕೋಟಿಗೆ ಮಾರಾಟವಾದರೆ, 60 ಕೋಟಿಗಾದರೆ, 300 ಕೋಟಿಗಾದರೆ ನನಗೆಷ್ಟು, ನನ್ನ ಜೊತೆ ದುಡಿದ ನೌಕರರಿಗೆಷ್ಟು ಎಂದು ರೂಪಾಯಿಯಲ್ಲಿ, ಶೇಕಡಾವಾರಿನಲ್ಲಿ ಅಲ್ಲ. ಹೂಡಿಕೆದಾರರು ಆ ಹಾಳೆಯನ್ನು ಈಗಾಗಲೇ ಬರೆದುಕೊಂಡೇ ಬಂದಿರುತ್ತಾರೆ.